ಒಂದು ಪಾಯಿಂಟ್ ಪ್ಯೂರಿಟಿಗೆ ಎಷ್ಟು ಸಕ್ಕರೆ?

ಸಕ್ಕರೆ ತಂತ್ರಜ್ಞಾನದ ಪರೀಕ್ಷೆಯಲ್ಲಿ ರಸ ತಿಳಿಗೊಳಿಸುವುದರ ಮೇಲೆ ಒಂದು ಪ್ರಶ್ನೆ, ಹರಳು ಕಟ್ಟಿಸುವುದರ ಮೇಲೆ ಇನ್ನೊಂದು ಪ್ರಶ್ನೆ ಇರುತ್ತದೆ. ಓದುವವರು ಎರಡನ್ನೂ ಬೇರೆ ಬೇರೆಯಾಗಿ ಉರು ಹೊಡೆಯುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿದರೆ ಎರಡೂ ಒಂದೇ ಕಥೆ ಅನ್ನುವುದು ಗೊತ್ತಾಗುತ್ತದೆ.

ರಸದ ಪ್ಯೂರಿಟಿ 84, ಕೊನೆಯ ಕಾಕಂಬಿಯದು 35 ಅಂದುಕೊಳ್ಳಿ. ಅಂದರೆ ರಸದಲ್ಲಿ ಕರಗಿರುವ 100 ಕಿಲೋದಲ್ಲಿ 84 ಕಿಲೋ ಸಕ್ಕರೆ, 16 ಕಿಲೋ ಬೇರೆ ಕಲ್ಮಶ. ಈ ಕಲ್ಮಶ ಕಾಕಂಬಿಗೆ ಸುಮ್ನೆ ಹೋಗುವುದಿಲ್ಲ, ಸಕ್ಕರೆಯನ್ನೂ ಎಳೆದುಕೊಂಡು ಹೋಗುತ್ತದೆ. 65 ಕಿಲೋ ಕಲ್ಮಶಕ್ಕೆ 35 ಕಿಲೋ ಸಕ್ಕರೆ. ಹಾಗಾಗಿ 16 ಕಿಲೋಗೆ:

```
16 × 35 / 65 = 8.6
```

ರಸದಲ್ಲಿರುವ ಸಕ್ಕರೆಯಲ್ಲಿ ಎಷ್ಟು ಕೈಗೆ ಸಿಗುತ್ತದೆ ಅನ್ನುವುದಕ್ಕೆ ಎಲ್ಲರೂ ಬಾಯಿಪಾಠ ಮಾಡುವ SJM ಸೂತ್ರ ಹೇಳುವುದೂ ಇದನ್ನೇ.

ಈಗ ರಸವನ್ನು ಸುಮಾರು 70 ಡಿಗ್ರಿಗೆ ಬಿಸಿ ಮಾಡಿ, ಸುಣ್ಣದ ಹಾಲು ಬೆರೆಸಿ, ಗಂಧಕದ ಹೊಗೆ ಹಾಯಿಸಿ, pH 7ರ ಆಸುಪಾಸಿಗೆ ತರುತ್ತಾರೆ. ಆಮೇಲೆ ಕುದಿಯುವಷ್ಟು ಬಿಸಿ. ಸುಣ್ಣ ರಸದಲ್ಲಿರುವ ಫಾಸ್ಫೇಟ್ ಜೊತೆ ಸೇರಿ ಹತ್ತಿಯಂಥ ಕಣಗಳಾಗಿ, ಕೊಳೆಯನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಫಾಸ್ಫೇಟ್ ಕಡಿಮೆ ಇದ್ದರೆ ಎಷ್ಟು ಸುಣ್ಣ ಸುರಿದರೂ ರಸ ಮಸುಕಾಗೇ ಉಳಿಯುತ್ತದೆ. pH ಇಳಿದರೆ ಬಿಸಿಗೆ ಸಕ್ಕರೆಯೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಏರಿದರೆ ಆ ಗ್ಲೂಕೋಸ್ ಕೆಟ್ಟು ರಸ ಕಪ್ಪಾಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದು ಏನು? ಪ್ಯೂರಿಟಿ ಒಂದು ಪಾಯಿಂಟ್ ಏರಿ 85 ಆಯಿತು ಅನ್ನಿ. ಅಷ್ಟೇನಾ ಅನಿಸುತ್ತೆ, ಅಲ್ವಾ? ಆದರೆ 84 ಕಿಲೋ ಸಕ್ಕರೆ ಜೊತೆಗಿದ್ದ ಕಲ್ಮಶ ಈಗ 14.8 ಕಿಲೋ. ಕಾಕಂಬಿಗೆ ಹೋಗುವ ಸಕ್ಕರೆ 8 ಕಿಲೋಗೆ ಇಳಿಯಿತು. ಅರ್ಧ ಕಿಲೋಗಿಂತ ಜಾಸ್ತಿ ಉಳಿತಾಯ.

ಮುಂದಿನ ಕೆಲಸ ಹರಳು ಕಟ್ಟಿಸುವ ಪ್ಯಾನಿನದು. ನಿರ್ವಾತದಲ್ಲಿ, ಸುಮಾರು 65 ಡಿಗ್ರಿಯಲ್ಲಿ, ಪಾಕವನ್ನು ಕುದಿಸಿ ಗಟ್ಟಿ ಮಾಡಿ ಬೀಜದ ಹರಳು ಬಿಡುತ್ತಾರೆ. ಪಾಕ ಹದವಾಗಿ ಮಾತ್ರ ಗಟ್ಟಿಯಾಗಿದ್ದರೆ ಇದ್ದ ಹರಳುಗಳೇ ಬೆಳೆಯುತ್ತವೆ. ಆವಿ ಜಾಸ್ತಿ ಬಿಟ್ಟು ಅವಸರ ಮಾಡಿದರೆ ಹೊಸ ಪುಡಿ ಹರಳು ತಾನಾಗೇ ಹುಟ್ಟಿಬಿಡುತ್ತದೆ. ಇದೇ ಪರೀಕ್ಷೆಯಲ್ಲಿ ಕೇಳುವ ‘ಫಾಲ್ಸ್ ಗ್ರೇನ್’. ಗಾಜಿನ ಪಟ್ಟಿಗೆ ಸ್ವಲ್ಪ ಸವರಿ ಬೆಳಕಿಗೆ ಹಿಡಿದರೆ ಕಾಣುತ್ತದೆ: ಹೊಳೆಯುವ ದಪ್ಪ ಹರಳುಗಳ ನಡುವೆ ಮಂಜಿನಂಥ ಪುಡಿ. ಆಗಲೇ ಪ್ಯಾನಿಗೆ ಒಂದಿಷ್ಟು ಬಿಸಿನೀರು ಕೊಟ್ಟು ಕರಗಿಸಿಬಿಡಬೇಕು.

ಬಿಟ್ಟರೆ ಆ ಪುಡಿ ಸೆಂಟ್ರಿಫ್ಯೂಜ್‌ನ ಜಾಲರಿಯಲ್ಲಿ ನುಸುಳಿ ಕಾಕಂಬಿ ಸೇರುತ್ತದೆ. ಅದರ ಪ್ಯೂರಿಟಿ 37ಕ್ಕೆ ಏರಿತು ಅಂದುಕೊಳ್ಳಿ:

```
14.8 × 37 / 63 = 8.7
```

ರಸದ ಪ್ಯೂರಿಟಿ 84 ಇದ್ದಾಗಲೇ ಹೋಗುತ್ತಿದ್ದುದು 8.6.