ನಾಯಿಗೂ ಪ್ರಾಸ್ಟೇಟ್ ದೊಡ್ಡದಾಗುತ್ತದೆ, ಮೂತ್ರ ಕಟ್ಟುವುದು ಅಪರೂಪ

ಅರವತ್ತು ದಾಟಿದ ಗಂಡಸರು ಹೊಟ್ಟೆಯ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದೊಡನೆ ಹುಡುಕುವುದು ಒಂದೇ ಒಂದು ಸಂಖ್ಯೆಯನ್ನು: ಪ್ರಾಸ್ಟೇಟ್ ಎಷ್ಟು ಗ್ರಾಂ ಇದೆ? ಇಪ್ಪತ್ತೆಂಟು ಎಂದಿದ್ದರೆ ನೆಮ್ಮದಿ, ಅರವತ್ತೈದು ಎಂದಿದ್ದರೆ ನಿದ್ದೆಗೇಡು. ಗೆಳೆಯರು ಪರಸ್ಪರ ಗ್ರಾಂಗಳನ್ನು ಹೋಲಿಸಿಕೊಳ್ಳುವುದೂ ಉಂಟು. ಈ ಸಂಖ್ಯೆಯ ಮೇಲಿನ ಭಯಭಕ್ತಿ ನನಗೆ ಎಂದೂ ಅರ್ಥವಾಗಿಲ್ಲ. ಮೂತ್ರದ ಧಾರೆ ಸಣ್ಣದಾಗಲು, ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಈ ಗ್ರಂಥಿ ಎಷ್ಟು ದಪ್ಪವಾಯಿತು ಎನ್ನುವುದು ಕಾರಣದ ಒಂದು ಪಾಲು ಮಾತ್ರ, ಎಷ್ಟೋ ಸಲ ಚಿಕ್ಕ ಪಾಲು.

ನಾಯಿಯನ್ನೇ ನೋಡಿ. ವಯಸ್ಸಾದಂತೆ ಮನುಷ್ಯನಿಗೆ ತಾನಾಗಿ ಪ್ರಾಸ್ಟೇಟ್ ದೊಡ್ಡದಾಗುವ ಹಾಗೆ ನಾಯಿಗೂ ಆಗುತ್ತದೆ. ಆದರೆ ಮುದಿ ಗಂಡುನಾಯಿಗೆ ಕಷ್ಟವಾಗುವುದು ಹೆಚ್ಚಾಗಿ ಮಲ ವಿಸರ್ಜನೆಗೆ. ಅದರ ಗ್ರಂಥಿ ಹೊರಮುಖವಾಗಿ ಬೆಳೆದು ಹಿಂದಿರುವ ಗುದನಾಳವನ್ನು ಒತ್ತುತ್ತದೆ, ನಡುವೆ ಹಾದುಹೋಗುವ ಮೂತ್ರನಾಳವನ್ನು ಅಷ್ಟಾಗಿ ತೊಂದರೆಪಡಿಸುವುದಿಲ್ಲ. ಮನುಷ್ಯನಲ್ಲಿ ಬೆಳವಣಿಗೆ ಶುರುವಾಗುವುದೇ ಮೂತ್ರನಾಳವನ್ನು ಸುತ್ತುವರಿದ ಒಳಭಾಗದಲ್ಲಿ. ಹೊರಗೆ ಬಿಗಿಯಾದ ಹೊದಿಕೆಯೊಂದಿದೆ. ಹೊರಕ್ಕೆ ಹಿಗ್ಗಲು ಸುಲಭವಾಗಿ ಜಾಗ ಸಿಗದ ಗಂಟುಗಳು ಒಳಕ್ಕೆ ಒತ್ತುತ್ತವೆ. ಒಬ್ಬೊಬ್ಬರಲ್ಲಿ ಈ ಗಂಟುಗಳು ಬೆಳೆಯುವ ದಿಕ್ಕು ಬೇರೆ. ಪಕ್ಕಕ್ಕೆ ಬೆಳೆದರೆ ಗ್ರಂಥಿ ದೊಡ್ಡದಾಗಿಯೂ ದಾರಿ ತೆರೆದಿರಬಹುದು. ನಡುವಿನ ಹಾಲೆ ಮೂತ್ರಕೋಶದ ಬಾಯಿಗೆ ಅಡ್ಡವಾಗಿ ಎದ್ದು ನಿಂತರೆ, ಸಣ್ಣ ಗ್ರಂಥಿಯೇ ಬಾಗಿಲು ಮುಚ್ಚಿಬಿಡಬಹುದು.

ಇದೇ ಅಂಗರಚನೆ ಇನ್ನೊಂದು ಭಯಕ್ಕೂ ಉತ್ತರ. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಪಟ್ಟಿಯಲ್ಲಿ. ವಯೋಸಹಜ ಹಿಗ್ಗುವಿಕೆ ಒಳಭಾಗದ್ದು. ಒಂದು ಬಲಿತು ಇನ್ನೊಂದಾಗುವುದಿಲ್ಲ. ಎರಡೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು, ಅದಕ್ಕೇ ವೈದ್ಯರು ಬೆರಳಿನ ಪರೀಕ್ಷೆ ಮಾಡುವುದು, ಪ್ರಾಸ್ಟೇಟ್ ತಯಾರಿಸುವ ಪ್ರೋಟೀನೊಂದನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ಮಾತಾಡುವುದು.

ಇನ್ನು ಧಾರೆಯ ವಿಷಯ. ಮೂತ್ರ ಎಷ್ಟು ವೇಗವಾಗಿ ಹೊರಬರುತ್ತದೆ ಎನ್ನುವುದು ಎರಡು ಸಂಗತಿಗಳ ಹಗ್ಗಜಗ್ಗಾಟ: ಮೂತ್ರಕೋಶದ ಸ್ನಾಯು ಎಷ್ಟು ಬಲವಾಗಿ ಹಿಂಡುತ್ತದೆ, ದಾರಿ ಎಷ್ಟು ತಡೆಯುತ್ತದೆ. ತಡೆ ಹೆಚ್ಚಾದಾಗ ಮೂತ್ರಕೋಶ ಮೊದಲು ಸುಮ್ಮನೆ ಸೋಲುವುದಿಲ್ಲ, ತನ್ನ ಗೋಡೆ ದಪ್ಪ ಮಾಡಿಕೊಂಡು ಇನ್ನೂ ಜೋರಾಗಿ ಒತ್ತುತ್ತದೆ. ಹಾಗಾಗಿ ಆರಂಭದ ವರ್ಷಗಳಲ್ಲಿ ಧಾರೆ ಸುಮಾರಾಗಿಯೇ ಇರುತ್ತದೆ. ಆದರೆ ದಪ್ಪವಾದ ಸ್ನಾಯು ಮುಂಗೋಪಿಯೂ ಆಗುತ್ತದೆ. ಅರ್ಧ ತುಂಬುವ ಮುನ್ನವೇ ಸೆಟೆದುಕೊಳ್ಳುತ್ತದೆ. ಪದೇ ಪದೇ ಹೋಗಬೇಕೆನಿಸುವುದು, ತಡೆದುಕೊಳ್ಳಲಾಗದ ಅವಸರ, ರಾತ್ರಿ ಏಳುವುದು, ಇವೆಲ್ಲ ಬರುವುದು ಹೀಗೆ. ಧಾರೆ ಶುರುವಾಗಲು ಕಾಯುವುದು, ನಿಂತು ನಿಂತು ಬರುವುದು, ಕೊನೆಗೆ ತೊಟ್ಟಿಕ್ಕುವುದು ತಡೆಯ ಕಡೆಯ ಲಕ್ಷಣಗಳು. ವರ್ಷಗಟ್ಟಲೆ ಹೀಗೇ ನಡೆದರೆ ಸ್ನಾಯುವಿನ ನಡುವೆ ನಾರು ತುಂಬಿ, ಹಿಂಡುವ ಶಕ್ತಿಯೇ ಕುಂದುತ್ತದೆ.

ತೊಡಕಿರುವುದು ಇಲ್ಲಿಯೇ. ಸಣ್ಣ ಧಾರೆ ಎಂದರೆ ತಡೆ ಜಾಸ್ತಿ ಎಂದೂ ಇರಬಹುದು, ಹಿಂಡುವ ಬಲ ಕಡಿಮೆ ಎಂದೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಲೆಕ್ಕಕ್ಕಾಗಿ ಅರವತ್ತೆಂಟು ವಯಸ್ಸಿನ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರ ಪ್ರಾಸ್ಟೇಟ್ 30 ಗ್ರಾಂ, ಎರಡನೆಯವರದು 65. ಯೌವನದಲ್ಲಿ ಅದು ಸುಮಾರು 20 ಗ್ರಾಂ ಇರುತ್ತದೆ. ಇಬ್ಬರಿಗೂ ತೊಂದರೆಯ ಅಂಕ ಹಾಕುವ ಏಳು ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ. ಒಟ್ಟು 35 ಅಂಕ, 8ರಿಂದ 19 ಮಧ್ಯಮ, 20 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಇಬ್ಬರದೂ 20ರ ಆಸುಪಾಸು. ಆಮೇಲೆ ಯೂರೋಫ್ಲೋ ಪರೀಕ್ಷೆ: ಯಂತ್ರಕ್ಕೆ ಜೋಡಿಸಿದ ಕೊಳವೆಬಾಯಿಯಲ್ಲಿ ಮಾಮೂಲಿಯಾಗಿ ಮೂತ್ರ ಮಾಡಿದರೆ ಸಾಕು, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಎಂದು ಗೀಟು ಬರೆದುಕೊಡುತ್ತದೆ. ಗರಿಷ್ಠ ವೇಗ 15 ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 10ಕ್ಕಿಂತ ಕೆಳಗಿದ್ದರೆ ಅನುಮಾನ. ಮೂತ್ರ ಒಟ್ಟು 150 ಮಿಲಿಲೀಟರ್ ಆದರೂ ಬಂದಿರಬೇಕು, ಇಲ್ಲವಾದರೆ ಆ ಗೀಟಿಗೆ ಬೆಲೆಯಿಲ್ಲ. ಸಂಕೋಚದಿಂದ ಎರಡು ಚಮಚ ಹನಿಸಿ ಬಂದವರ ರಿಪೋರ್ಟ್ ನೋಡಿ ನಿರ್ಧಾರ ಮಾಡುವಂತಿಲ್ಲ. ನಮ್ಮಿಬ್ಬರಲ್ಲಿ ಮೊದಲನೆಯವರಿಗೆ 7, ಎರಡನೆಯವರಿಗೆ 8. ಮುಗಿಸಿದ ಮೇಲೆ ಸ್ಕ್ಯಾನ್‌ನಲ್ಲಿ ನೋಡಿದರೆ ಇಬ್ಬರ ಮೂತ್ರಕೋಶದಲ್ಲೂ ಸಾಕಷ್ಟು ಮೂತ್ರ ಉಳಿದಿದೆ.

ಇಲ್ಲಿಯವರೆಗಿನ ಕಾಗದ ನೋಡಿದರೆ 65 ಗ್ರಾಮಿನವರನ್ನೇ ಆಪರೇಷನ್‌ಗೆ ಕಳಿಸಬೇಕೆನಿಸುತ್ತದೆ. ಈಗ ಒತ್ತಡ ಅಳೆಯೋಣ. ಮೂತ್ರಕೋಶಕ್ಕೆ ಒಂದು ಸಣ್ಣ ನಳಿಕೆ, ಗುದನಾಳಕ್ಕೆ ಇನ್ನೊಂದು. ಎರಡನೆಯದು ಹೊಟ್ಟೆ ಬಿಗಿಹಿಡಿದು ಮುಕ್ಕುವ ಒತ್ತಡವನ್ನು ಹೇಳುತ್ತದೆ. ಅದನ್ನು ಕಳೆದರೆ ಉಳಿಯುವುದು ಮೂತ್ರಕೋಶದ ಸ್ನಾಯುವಿನ ಸ್ವಂತ ಬಲ. ಧಾರೆ ಗರಿಷ್ಠವಾಗಿದ್ದ ಗಳಿಗೆಯಲ್ಲಿ ಮೊದಲನೆಯವರ ಸ್ನಾಯು 75 ಸೆಂಟಿಮೀಟರ್ ನೀರಿನಷ್ಟು ಒತ್ತಡ ಹಾಕುತ್ತಿತ್ತು, ಎರಡನೆಯವರದು ಬರೀ 25. ಮೂತ್ರರೋಗ ತಜ್ಞರ ಸೂತ್ರ ಸರಳ: ಒತ್ತಡದಿಂದ ಧಾರೆಯ ವೇಗದ ಎರಡರಷ್ಟನ್ನು ಕಳೆಯಿರಿ. ಉತ್ತರ 40 ದಾಟಿದರೆ ತಡೆ ಇದೆ, 20ಕ್ಕಿಂತ ಕಡಿಮೆಯಾದರೆ ಇಲ್ಲ, ನಡುವೆ ಬಂದರೆ ಖಚಿತವಿಲ್ಲ. ಮೊದಲನೆಯವರಿಗೆ 75ರಲ್ಲಿ 14 ಹೋದರೆ 61. ಎರಡನೆಯವರಿಗೆ 25ರಲ್ಲಿ 16 ಹೋದರೆ 9. ದಾರಿ ಕಟ್ಟಿರುವುದು ಸಣ್ಣ ಗ್ರಂಥಿಯವರಿಗೆ! ದೊಡ್ಡ ಗ್ರಂಥಿಯವರದು ಸೋತ ಮೂತ್ರಕೋಶ. ಹಳೆಯ ಸಕ್ಕರೆ ಕಾಯಿಲೆ, ಬೆನ್ನುಹುರಿಯ ತೊಂದರೆ, ಬರೀ ವಯಸ್ಸು ಕೂಡ ಹೀಗೆ ಮಾಡಬಲ್ಲವು. ಇವರ ಪ್ರಾಸ್ಟೇಟ್ ಕೊರೆದು ತೆಗೆದರೂ ಧಾರೆ ಅಷ್ಟಾಗಿ ಸುಧಾರಿಸದೇ ಹೋಗಬಹುದು.

ಎಲ್ಲರಿಗೂ ಈ ಒತ್ತಡದ ಪರೀಕ್ಷೆ ಬೇಕಿಲ್ಲ. ಲಕ್ಷಣ, ಯೂರೋಫ್ಲೋ, ಸ್ಕ್ಯಾನ್ ಮೂರೂ ಒಂದೇ ಕಥೆ ಹೇಳಿದರೆ ಸಾಕು. ಕಥೆಗಳು ಹೊಂದದಿದ್ದಾಗ, ನರದ ಕಾಯಿಲೆ ಇದ್ದಾಗ, ಆಪರೇಷನ್‌ಗೆ ಮುಂಚೆ ಅನುಮಾನ ಉಳಿದಾಗ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಅಗ್ಗದ, ಬಹಳ ಜನ ಬಿಟ್ಟುಬಿಡುವ ಪರೀಕ್ಷೆಯೊಂದಿದೆ: ಮೂರು ದಿನ ಪ್ರತಿ ಸಲದ ಮೂತ್ರವನ್ನೂ ಅಳತೆ ಪಾತ್ರೆಯಲ್ಲಿ ಹಿಡಿದು, ಹೊತ್ತು ಮತ್ತು ಪ್ರಮಾಣ ಬರೆದಿಡುವುದು. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ, ಎದ್ದೇಳಿಸುತ್ತಿರುವುದು ಪ್ರಾಸ್ಟೇಟ್ ಅಲ್ಲದೇ ಇರಬಹುದು. ಕಾಲೂತ, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಗೊರಕೆ ಕಾಯಿಲೆ, ಇವುಗಳ ಕಡೆ ನೋಡಬೇಕು.

ಔಷಧಿಗಳ ವಿಷಯಕ್ಕೆ ಬಂದರೆ ಗಾತ್ರಕ್ಕೆ ಮತ್ತೆ ಬೆಲೆ ಬರುತ್ತದೆ. ಗ್ರಂಥಿ ಒಡ್ಡುವ ತಡೆ ಎರಡು ಬಗೆಯದು. ಒಂದು ಅದರೊಳಗಿನ ನುಣುಪು ಸ್ನಾಯುವಿನ ಬಿಗಿತ, ಇನ್ನೊಂದು ಬರೀ ತೂಕ. ಟ್ಯಾಮ್ಸುಲೋಸಿನ್ ಥರದ ಮಾತ್ರೆಗಳು ಬಿಗಿತ ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ, ಗ್ರಂಥಿ ಒಂದಿಷ್ಟೂ ಕುಗ್ಗುವುದಿಲ್ಲ. ಎದ್ದು ನಿಂತಾಗ ತಲೆ ತಿರುಗಬಹುದು, ವೀರ್ಯ ಹೊರಬರದೇ ಹೋಗಬಹುದು. ಇದನ್ನು ತೆಗೆದುಕೊಳ್ಳುವವರು ಕಣ್ಣಿನ ಪೊರೆಯ ಆಪರೇಷನ್‌ಗೆ ಮುಂಚೆ ಕಣ್ಣಿನ ವೈದ್ಯರಿಗೆ ಹೇಳಲೇಬೇಕು, ಪಾಪೆಯ ಸ್ನಾಯುವೂ ಸಡಿಲಾಗಿ ಆಪರೇಷನ್ ತೊಡಕಾಗುತ್ತದೆ.

ಗ್ರಂಥಿಯ ತೂಕ ಇಳಿಸುವ ಔಷಧಿಯ ಕಥೆ ಸ್ವಾರಸ್ಯದ್ದು, ತುಸು ದಾರಿ ಬಿಟ್ಟು ಹೋಗುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶಸ್ತ್ರವೈದ್ಯರು ಪ್ರಾಸ್ಟೇಟ್ ಕುಗ್ಗಿಸಲು ವೃಷಣಗಳನ್ನೇ ತೆಗೆಯುತ್ತಿದ್ದರು. ವೃಷಣದ ಹಾರ್ಮೋನು ಇಲ್ಲದೆ ಗ್ರಂಥಿ ಬೆಳೆಯದು ಎನ್ನುವುದು ಸರಿಯೇ, ಚಿಕಿತ್ಸೆ ಮಾತ್ರ ಕಾಯಿಲೆಗಿಂತ ಘೋರ. 1974ರಲ್ಲಿ ಅಮೆರಿಕದ ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲೆ ಮತ್ತು ಸಂಗಡಿಗರು ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಯೊಂದರ ಮಕ್ಕಳ ಬಗ್ಗೆ ಬರೆದರು. ಹುಟ್ಟಿದಾಗ ಹೆಣ್ಣೆಂದು ಬೆಳೆಸಿದ ಈ ಮಕ್ಕಳು ಹರೆಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಅವರಲ್ಲಿ ವೃಷಣದ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇತ್ತು. ಅದನ್ನು ಇನ್ನೂ ಪ್ರಬಲ ಹಾರ್ಮೋನಾದ ಡಿಎಚ್‌ಟಿಯಾಗಿ ಬದಲಿಸುವ ಕಿಣ್ವ ಸರಿಯಾಗಿರಲಿಲ್ಲ. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಪುಟ್ಟದಾಗಿಯೇ ಉಳಿದಿತ್ತು. ಅಂದರೆ ಟೆಸ್ಟೋಸ್ಟೆರಾನ್ ಮುಟ್ಟದೆ ಆ ಕಿಣ್ವವನ್ನಷ್ಟೇ ತಡೆದರೆ ಸಾಕು! ಹಾಗೆ ಹುಟ್ಟಿದ ಫಿನಾಸ್ಟರೈಡ್‌ಗೆ ಅಮೆರಿಕದಲ್ಲಿ 1992ರಲ್ಲಿ ಅನುಮತಿ ಸಿಕ್ಕಿತು.

ಇದಕ್ಕೆ ತಾಳ್ಮೆ ಬೇಕು. ಗ್ರಂಥಿ ನಾಲ್ಕನೇ ಒಂದರಷ್ಟು ಕುಗ್ಗಿ ಗುಣ ತಿಳಿಯಲು ಸುಮಾರು ಆರು ತಿಂಗಳು ಬೇಕಾಗಬಹುದು. ಕುಗ್ಗಲು ಏನಾದರೂ ಇರಬೇಕಲ್ಲ, ಅದಕ್ಕೇ 30-40 ಗ್ರಾಂ ದಾಟಿದವರಿಗೆ ಇದು ಸರಿ, ಚಿಕ್ಕ ಗ್ರಂಥಿಗೆ ದಂಡ. ಕೆಲವರಿಗೆ ಕಾಮಾಸಕ್ತಿ ಕುಂದುತ್ತದೆ. ಪಿಎಸ್‌ಎ ಅಂಕಿಯನ್ನು ಇದು ಸರಿಸುಮಾರು ಅರ್ಧಕ್ಕಿಳಿಸುತ್ತದೆ, ಆದ್ದರಿಂದ ಈ ಮಾತ್ರೆಯಲ್ಲಿರುವವರ ರಿಪೋರ್ಟ್‌ನಲ್ಲಿ 2.5 ಎಂದಿದ್ದರೆ ಅದನ್ನು 5 ಎಂದೇ ಓದಬೇಕು. ಔಷಧಿಯ ವಿಷಯ ಹೇಳದೆ ಹೊಸ ವೈದ್ಯರಲ್ಲಿಗೆ ಹೋದರೆ ಅಪಾಯದ ಸೂಚನೆ ತಪ್ಪಿಹೋಗಬಹುದು.

ಗಿಡಮೂಲಿಕೆಯ ಪುಡಿಗಳ ಬಗ್ಗೆ ಕೇಳುವವರು ಬಹಳ. ಇವುಗಳಲ್ಲಿ ಬಹಳ ಮಾರಾಟವಾಗುವ, ಸಾ ಪಾಮೆಟ್ಟೊ ಎಂಬ ಕುಳ್ಳ ತಾಳೆಗಿಡದ ಹಣ್ಣಿನ ಸಾರವನ್ನು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೂರು ಪಟ್ಟು ಪ್ರಮಾಣದವರೆಗೆ ಕೊಟ್ಟು ನೋಡಿದರು. ಹುಸಿ ಮಾತ್ರೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಹುಸಿ ಮಾತ್ರೆಯಲ್ಲೂ ಹಲವರ ಅಂಕ ಇಳಿಯುತ್ತದೆ, ಏಕೆಂದರೆ ಈ ಕಾಯಿಲೆ ತಾನಾಗಿ ಏರಿಳಿಯುತ್ತದೆ. ‘ನನಗೆ ಗುಣವಾಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಪುಡಿಯ ಕೀರ್ತಿ ಮಾತ್ರ ಸುಳ್ಳು.

ಆಪರೇಷನ್‌ಗಳಲ್ಲಿ ಹಳೆಯದು, ಇಂದಿಗೂ ಅಳತೆಗೋಲಾಗಿರುವುದು ಟಿಯುಆರ್‌ಪಿ. ಮೂತ್ರನಾಳದ ಮೂಲಕವೇ ಒಳಹೋಗಿ, ಕಿತ್ತಳೆಯ ತೊಳೆ ತೆಗೆದು ಸಿಪ್ಪೆ ಉಳಿಸುವ ಹಾಗೆ ಒಳಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಸಿಪ್ಪೆ ಉಳಿಯುವುದರಿಂದ ಮುಂದೆ ಅಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಯೂ ಉಳಿಯುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಗ್ರಂಥಿ 80 ಗ್ರಾಂ ದಾಟಿದರೆ ಲೇಸರ್‌ನಿಂದ ಪೂರ್ತಿ ಬಿಡಿಸಿ ತೆಗೆಯುವ ವಿಧಾನ ಅನುಕೂಲ. ಎರಡರಲ್ಲೂ ಧಾರೆ ಚೆನ್ನಾಗಿ ಸುಧಾರಿಸುತ್ತದೆ, ಆದರೆ ಬಹುಪಾಲು ಜನರಿಗೆ ಆಮೇಲೆ ವೀರ್ಯ ಹೊರಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಅದು ಬೇಡವೆನ್ನುವವರಿಗೆ ಗ್ರಂಥಿಯನ್ನು ಪಕ್ಕಕ್ಕೆ ಎಳೆದು ಕಟ್ಟುವ, ಹಬೆಯಿಂದ ಕುಗ್ಗಿಸುವ ಸಣ್ಣ ಚಿಕಿತ್ಸೆಗಳಿವೆ. ಗುಣ ಸ್ವಲ್ಪ ಕಡಿಮೆ, ಮತ್ತೆ ಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು.

ಅಂಕ ಕಡಿಮೆಯಿದ್ದು ತೊಂದರೆ ಅಷ್ಟಾಗಿ ಕಾಡದಿದ್ದರೆ ಏನೂ ಮಾಡದೆ ವರ್ಷಕ್ಕೊಮ್ಮೆ ತೋರಿಸಿಕೊಂಡಿರುವುದೂ ಸರಿಯಾದ ಆಯ್ಕೆಯೇ. ಅಂಥವರು ನೆಗಡಿಯ ಮಾತ್ರೆಗಳ ಬಗ್ಗೆ ಎಚ್ಚರವಾಗಿರಬೇಕು. ಮೂಗು ಬಿಡಿಸುವ ಕೆಲವು ಔಷಧಿಗಳು ಮೂತ್ರಕೋಶದ ಬಾಯನ್ನು ಬಿಗಿಗೊಳಿಸುತ್ತವೆ, ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳು ಹಿಂಡುವ ಸ್ನಾಯುವನ್ನು ಮಂಕಾಗಿಸುತ್ತವೆ. ಎರಡೂ ಒಂದೇ ಮಾತ್ರೆಯಲ್ಲಿದ್ದರೆ ರಾತ್ರೋರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡು ನಳಿಕೆ ಹಾಕಿಸಿಕೊಳ್ಳಬೇಕಾದೀತು. ಅದು ವಿಪರೀತ ನೋವಿನದು, ಹಾಗಾಗಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ನನಗೆ ಹೆಚ್ಚು ಭಯ ನೋವಿಲ್ಲದ ಕಟ್ಟಿನದು. ತಿಂಗಳುಗಟ್ಟಲೆ ನಿಧಾನವಾಗಿ ಹಿಗ್ಗಿದ ಮೂತ್ರಕೋಶ ತುಂಬಿ ತುಳುಕಿ ನಿದ್ದೆಯಲ್ಲೇ ಹಾಸಿಗೆ ಒದ್ದೆಯಾಗುತ್ತದೆ. ‘ಮೂತ್ರ ಬೇಕಾದಷ್ಟು ಹೋಗುತ್ತಿದೆಯಲ್ಲ, ಕಟ್ಟಿರುವುದು ಹೇಗೆ?’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಒತ್ತಡ ಮೇಲಕ್ಕೇರಿ ಮೂತ್ರಪಿಂಡಗಳು ಊದಿಕೊಂಡಿರುತ್ತವೆ. ವಯಸ್ಸಾದ ಗಂಡಸಿಗೆ ಹೊಸದಾಗಿ ರಾತ್ರಿ ಹಾಸಿಗೆ ಒದ್ದೆಯಾಗತೊಡಗಿದರೆ ತಡಮಾಡದೆ ಉಳಿದ ಮೂತ್ರದ ಸ್ಕ್ಯಾನ್ ಮತ್ತು ಮೂತ್ರಪಿಂಡಗಳ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಎರಡನ್ನೂ ಮಾಡಿಸಬೇಕು.