ಒಂದೇ ಸ್ಲೋಗನ್, ನಾಲ್ಕು ದೇಶದ ಸ್ಪ್ಯಾನಿಷ್: ಅಧ್ಯಯನ ಟಿಪ್ಪಣಿ

1993ರಲ್ಲಿ ಕ್ಯಾಲಿಫೋರ್ನಿಯಾದ ಹಾಲು ಸಂಸ್ಕರಣಾ ಮಂಡಳಿ ‘ಗಾಟ್ ಮಿಲ್ಕ್?’ ಎಂಬ ಜಾಹೀರಾತು ಶುರು ಮಾಡಿತು. ಇಂಗ್ಲಿಷ್‌ನಲ್ಲಿ ಅದು ಭಾರಿ ಗೆದ್ದಿತು. ಅದನ್ನೇ ಸ್ಪ್ಯಾನಿಷ್‌ನಲ್ಲಿ ‘ತ್ಯೇನೆ ಲೆಚೆ?’ ಎಂದು ಹಾಕಿದರೆ ವ್ಯಾಕರಣ ಸರಿ ಇರುತ್ತದೆ. ಆದರೆ ಹೆಂಗಸಿಗೆ ಹಾಗೆ ಕೇಳಿದರೆ ‘ನಿಮಗೆ ಎದೆಹಾಲು ಬರುತ್ತಿದೆಯಾ?’ ಎಂದು ಕೇಳಿದಂತಾಗುತ್ತದೆ. ಇದು ಹೊರಗೆ ಕಾಣುವ ತೊಂದರೆ. ಒಳಗೆ ಇನ್ನೊಂದಿತ್ತು. ಮೂಲ ಜಾಹೀರಾತಿನ ತಮಾಷೆ ನಿಂತಿದ್ದು ಮನೆಯಲ್ಲಿ ಹಾಲು ಖಾಲಿಯಾಗುವುದರ ಮೇಲೆ. ಮನೆಮಂದಿಗೆ ಉಣಿಸುವ ತಾಯಿ, ಅಜ್ಜಿಯರಿಗೆ ಅದು ನಗುವ ವಿಷಯವೇ ಅಲ್ಲ. ಆಮೇಲೆ ಸ್ಪ್ಯಾನಿಷ್ ಪ್ರಚಾರಕ್ಕೆ ‘ಫಮೀಲ್ಯ, ಅಮೋರ್ ಇ ಲೆಚೆ’, ಅಂದರೆ ‘ಕುಟುಂಬ, ಪ್ರೀತಿ ಮತ್ತು ಹಾಲು’ ಎಂಬ ಬೇರೆಯದೇ ಸಾಲು ಬಂತು. ಪದ ಬದಲಿಸಿ ಪಾರಾಗುವ ಕೆಲಸ ಇದಲ್ಲ, ಸಾಲನ್ನೇ ಮತ್ತೆ ಬರೆಯಬೇಕು.

ಹೇಗೆ ಬರೆಯುವುದು ಅಂತ ನೋಡಲು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಚಿಕ್ಕ ಬಾಟಲಿಯ ಹಣ್ಣಿನ ಜ್ಯೂಸ್. ಇಂಗ್ಲಿಷ್ ಸಾಲು ‘ಗ್ರ್ಯಾಬ್ ಇಟ್ ಅಂಡ್ ಗೋ’. ಹೋಗಬೇಕಾದ ದೇಶಗಳು ಸ್ಪೇನ್, ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ.

ಮೊದಲು ಸಾಲು ಮಾಡುವ ಕೆಲಸ ಏನು ಅಂತ ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲಿ ಅದು: ‘ಕಾಯಬೇಕಿಲ್ಲ, ನಡೆಯುತ್ತಲೇ ಕುಡಿಯಬಹುದು.’ ಕೈಯಿಂದ ಹಿಡಿಯುವುದು ಇಲ್ಲಿ ಮುಖ್ಯವೇ ಅಲ್ಲ. ಇದನ್ನು ಬರೆದುಕೊಳ್ಳದಿದ್ದರೆ ‘ಗ್ರ್ಯಾಬ್’ ಪದಕ್ಕೇ ಅಂಟಿಕೊಂಡು ಕೂರುತ್ತೇವೆ.

ನೇರ ಅನುವಾದ ‘ಕೋಖೆಲೊ ಇ ಬೇತೆ’ ಎಂದು ಬರುತ್ತದೆ. ಇದರಲ್ಲಿರುವ ಕ್ರಿಯಾಪದ ‘ಕೊಖೇರ್’. ಸ್ಪೇನ್‌ನಲ್ಲಿ ಬಸ್ ಹಿಡಿಯುವುದಕ್ಕೂ ಫೋನ್ ಎತ್ತುವುದಕ್ಕೂ ದಿನಾ ಬಳಸುವ ಪದ ಇದು. ಕೊಲಂಬಿಯಾದಲ್ಲೂ ಹಾಗೆಯೇ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಮಾತ್ರ ಅದು ಸಂಭೋಗಕ್ಕೆ ಇರುವ ಒರಟು ಪದ. ಗಮನಿಸಿ, ನಿಮ್ಮ ಪರಿಶೀಲಕರು ಮ್ಯಾಡ್ರಿಡ್‌ನವರು ಮತ್ತು ಬೊಗೊಟಾದವರು ಮಾತ್ರ ಆಗಿದ್ದರೆ ಇಬ್ಬರೂ ‘ಸರಿ ಇದೆ’ ಅನ್ನುತ್ತಾರೆ. ಹಾಗಾಗಿ ಪಟ್ಟಿಯಲ್ಲಿರುವ ಪ್ರತಿ ದೇಶದಿಂದಲೂ ಒಬ್ಬರು ಬೇಕು, ಈಗಲೂ ಅಲ್ಲೇ ವಾಸಿಸುವವರೇ ಬೇಕು. ಊರು ಬಿಟ್ಟು ಬಹಳ ವರ್ಷವಾದವರಿಗೆ ಹೊಸ ಬೀದಿಮಾತು ತಿಳಿದಿರುವುದಿಲ್ಲ.

‘ಬೇತೆ’ಯ ಕಥೆ ಬೇರೆ. ಅದು ಎಲ್ಲೂ ಅಶ್ಲೀಲವಲ್ಲ. ಆದರೆ ನಾಲ್ಕೂ ದೇಶಗಳಲ್ಲಿ ಅದು ‘ಹೊರಟುಹೋಗು’ ಎಂದು ಗದರಿದಂತೆ ಕೇಳಿಸಬಹುದು. ನಾವು ಸಾಮಾನ್ಯವಾಗಿ ಕೆಟ್ಟ ಪದಗಳನ್ನು ಮಾತ್ರ ಹುಡುಕುತ್ತೇವೆ, ಗಿರಾಕಿಯನ್ನು ಓಡಿಸುವ ಧಾಟಿ ಕಣ್ಣಿಗೆ ಬೀಳುವುದಿಲ್ಲ.

ಎರಡನೇ ಪ್ರಯತ್ನ ‘ಯೇವತೆಲೊ’, ಅಂದರೆ ‘ಜೊತೆಗೆ ತಗೊಂಡು ಹೋಗು’. ನಾಲ್ಕೂ ಕಡೆ ಅರ್ಥವಾಗುತ್ತದೆ, ಯಾರಿಗೂ ಬೇಸರವಿಲ್ಲ. ಆದರೆ ಇಲ್ಲಿ ‘ನೀನು’ ಯಾರು ಎಂಬ ಪ್ರಶ್ನೆ ಬರುತ್ತದೆ. ನಮ್ಮ ನೀನು–ನೀವು ಥರವೇ ಸ್ಪ್ಯಾನಿಷ್‌ನಲ್ಲಿ ‘ತು’ ಮತ್ತು ‘ಉಸ್ತೆದ್’ ಇವೆ. ಅರ್ಜೆಂಟೀನಾದಲ್ಲಿ ‘ತು’ ಬದಲು ‘ವೋಸ್’ ಬಳಸುತ್ತಾರೆ, ಆಜ್ಞೆಯ ರೂಪವೂ ಬದಲಾಗುತ್ತದೆ. ಒತ್ತು ಮೊದಲ ಅಕ್ಷರದಿಂದ ಎರಡನೆಯದಕ್ಕೆ ಜಾರಿ ‘ಯೆವಾತೆಲೊ’ ಆಗುತ್ತದೆ. ಬ್ಯೂನಸ್ ಐರಿಸ್‌ನವರ ಬಾಯಲ್ಲಿ ಅದು ‘ಶೆವಾತೆಲೊ’. ಬರಹದಲ್ಲಿ ಒತ್ತಿನ ಗುರುತು ಪಕ್ಕದ ಅಕ್ಷರಕ್ಕೆ ಹೋಗುತ್ತದೆ, ಅಷ್ಟೇ. ರೇಡಿಯೊದಲ್ಲಿ ಮಾತ್ರ ಮೆಕ್ಸಿಕೊದ ರೂಪ ಕೇಳಿದ ತಕ್ಷಣ ‘ಇದು ನಮ್ಮದಲ್ಲ, ಡಬ್ಬಿಂಗ್’ ಅನ್ನಿಸಿಬಿಡುತ್ತದೆ. ಬೊಗೊಟಾದಲ್ಲಿ ಗೆಳೆಯರ ನಡುವೆಯೂ ‘ಉಸ್ತೆದ್’ ಓಡಾಡುತ್ತದೆ, ಅದಕ್ಕೆ ‘ಯೇವೆಸೆಲೊ’ ಬೇಕು. ಒಂದು ಪದಕ್ಕೆ ಮೂರು ರೂಪ ಆಯಿತು. ಇದರ ಜೊತೆಗೆ, ಅಂಗಡಿಗಳ ರಿಯಾಯಿತಿ ಬೋರ್ಡುಗಳಲ್ಲಿ ಸವೆದ ಪದ ಬೇರೆ. ಜ್ಯೂಸ್ ಅಗ್ಗಕ್ಕೆ ಸಿಗುತ್ತಿದೆ ಎಂಬ ಭಾವನೆ ಬರಬಹುದು.

ಈಗ ಬಲು ಉಪಯೋಗಕ್ಕೆ ಬರುವ ಒಂದು ವ್ಯಾಕರಣದ ಸಂಗತಿ. ಕ್ರಿಯಾಪದದಲ್ಲಿ ‘ತು’ ಮತ್ತು ‘ವೋಸ್’ ಬೇರೆಯಾದರೂ ‘ನಿನ್ನ’ ಎನ್ನುವುದಕ್ಕೆ ಎರಡರಲ್ಲೂ ‘ತು’ ಎಂಬ ಒಂದೇ ರೂಪ ಇದೆ. ಆದ್ದರಿಂದ ಆಜ್ಞೆಯನ್ನು ಬಿಟ್ಟು ‘ನಿನ್ನ’ ಎಂದು ಕಟ್ಟಿದರೆ ದೇಶದ ಗಡಿ ದಾಟಬಹುದು. ನನ್ನ ಆಯ್ಕೆ ‘ಅ ತು ಪಾಸೊ’. ‘ನಿನ್ನ ನಡಿಗೆಯ ವೇಗಕ್ಕೆ’ ಎಂದೂ ಅರ್ಥ, ‘ನೀನು ಹೋಗುವ ದಾರಿಯಲ್ಲಿ’ ಎಂದೂ ಅರ್ಥ. ಕ್ರಿಯಾಪದವೇ ಇಲ್ಲ. ಜ್ಯೂಸ್ ಎಂಬ ಪದವೂ ಇಲ್ಲ, ಅದೂ ಒಳ್ಳೆಯದೇ. ಏಕೆಂದರೆ ಸ್ಪೇನ್‌ನಲ್ಲಿ ಅದು ‘ಥೂಮೊ’, ಉಳಿದ ಮೂರು ಕಡೆ ‘ಖೂಗೊ’. ಆ ಪದ ಬಾಟಲಿಯ ಲೇಬಲ್ ಮೇಲೆ ಇದ್ದರೆ ಸಾಕು.

ಇದಕ್ಕೆ ಬೆಲೆಯೂ ಇದೆ. ಮೂಲದ ಅವಸರ ಹೋಗಿ ‘ನಿನಗೆ ಬೇಕಾದಷ್ಟು ನಿಧಾನಕ್ಕೆ’ ಎಂಬ ನೆಮ್ಮದಿ ಬಂದಿದೆ. ಕೊಲಂಬಿಯಾದಲ್ಲಿ ‘ಉಸ್ತೆದ್’ ಬೇಕೆಂದು ಪಟ್ಟು ಹಿಡಿದರೆ ‘ಅ ಸು ಪಾಸೊ’ ಮಾಡಬೇಕು. ಇವೆರಡನ್ನೂ ಕಂಪನಿಗೆ ಬಾಯಿಬಿಟ್ಟು ಹೇಳಲೇಬೇಕು. ಅವಸರವೇ ಅವರ ಬ್ರ್ಯಾಂಡಿನ ಜೀವ ಎಂದಾದರೆ ನಾಲ್ಕು ದೇಶಕ್ಕೆ ಒಂದೇ ಸಾಲಿನ ಆಸೆ ಬಿಡಬೇಕು.

ಮುಂದೆ ಪರೀಕ್ಷೆ. ಪರಿಶೀಲಕರಿಗೆ ಇಂಗ್ಲಿಷ್ ಮೂಲ ತೋರಿಸಬೇಡಿ. ತೋರಿಸಿದರೆ ಅವರು ಎರಡನ್ನೂ ಹೋಲಿಸುತ್ತಾ ಕೂರುತ್ತಾರೆ, ಸಾಮಾನ್ಯ ಕೇಳುಗರಾಗಿ ಉಳಿಯುವುದಿಲ್ಲ. ಮೊದಲು ಧ್ವನಿ ಕೇಳಿಸಿ, ಆಮೇಲೆ ಅಕ್ಷರ ತೋರಿಸಿ. ಈ ಕ್ರಮ ಯಾಕೆ ಅನ್ನುವುದಕ್ಕೆ ಬ್ರಾನಿಫ್ ವಿಮಾನ ಕಂಪನಿ ಸಾಕ್ಷಿ. 1987ರಲ್ಲಿ ಅದು ತನ್ನ ಚರ್ಮದ ಸೀಟುಗಳನ್ನು ಹೊಗಳಲು ಸ್ಪ್ಯಾನಿಷ್ ಜಾಹೀರಾತಿನಲ್ಲಿ ‘ಎನ್ ಕ್ವೇರೊ’ ಎಂದಿತು. ಪುಸ್ತಕದ ಪ್ರಕಾರ ಅದು ‘ಚರ್ಮದಲ್ಲಿ’. ಕೊನೆಗೆ ಒಂದು ಸಕಾರ ಸೇರಿಸಿ ‘ಎನ್ ಕ್ವೇರೊಸ್’ ಅಂದರೆ ‘ಬೆತ್ತಲೆಯಾಗಿ’. ಕ್ಯೂಬಾ ಮತ್ತಿತರ ಕೆರಿಬಿಯನ್ ಕಡೆಯವರು ಪದದ ಕೊನೆಯ ಸಕಾರವನ್ನು ನುಂಗಿ ಮಾತಾಡುತ್ತಾರೆ. ಹೀಗಾಗಿ ಅವರ ಕಿವಿಗೆ ಎರಡೂ ಒಂದೇ. ಕಾಗದದ ಮೇಲೆ ಎಷ್ಟು ಸಲ ನೋಡಿದರೂ ಈ ತಪ್ಪು ಸಿಗುವುದಿಲ್ಲ.

ಪರಿಶೀಲಕರಿಗೆ ‘ಇದರಲ್ಲಿ ಏನಾದರೂ ಕೆಟ್ಟದ್ದಿದೆಯಾ?’ ಅಂತ ಕೇಳಿದರೆ ಹುಡುಕಿ ಹುಡುಕಿ ಏನಾದರೂ ತೆಗೆದೇ ತೆಗೆಯುತ್ತಾರೆ. ‘ಕೇಳಿದ ಕೂಡಲೇ ಏನು ಹೊಳೆಯಿತು?’ ಎಂದು ಕೇಳುವುದೇ ವಾಸಿ. ಆಮೇಲೆ ಬಂದ ಆಕ್ಷೇಪಗಳನ್ನು ತೂಗಿ ನೋಡಬೇಕು. ಅದಕ್ಕೆ ಎರಡು ಕಾರುಗಳು ಸಾಕು. ಮಿತ್ಸುಬಿಷಿಯ ಪಜೆರೊ ನಮ್ಮ ರಸ್ತೆಗಳಲ್ಲೂ ಓಡಿದ ಗಾಡಿ. ಸ್ಪ್ಯಾನಿಷ್‌ನಲ್ಲಿ ಅದೇ ಕಾಗುಣಿತದ ಪದ ಹಸ್ತಮೈಥುನ ಮಾಡಿಕೊಳ್ಳುವವನಿಗೆ ಬಳಸುವ ಬೈಗುಳ. ಅಕ್ಷರ, ಒತ್ತು ಎರಡೂ ಅದೇ. ಹಾಗಾಗಿ ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಅದು ‘ಮೊಂತೆರೊ’ ಎಂಬ ಹೆಸರಲ್ಲಿ ಮಾರಾಟವಾಯಿತು. ಇನ್ನೊಂದು ಷೆವರ್ಲೆ ನೋವಾ. ‘ನೋ ಬಾ’ ಅಂದರೆ ‘ಓಡಲ್ಲ’, ಅದಕ್ಕೇ ಕಾರು ಮಾರಾಟವಾಗಲಿಲ್ಲ ಎಂಬ ಕಥೆಯನ್ನು ಪಾಠಗಳಲ್ಲೂ ಹೇಳುತ್ತಾರೆ. ಅದು ಸುಮ್ನೆ ಹಬ್ಬಿದ ಕಥೆ. ಹೆಸರಿನಲ್ಲಿ ಒತ್ತು ‘ನೋ’ ಮೇಲೆ, ವಾಕ್ಯದಲ್ಲಿ ಒತ್ತು ‘ಬಾ’ ಮೇಲೆ. ಜನ ಎರಡನ್ನೂ ಬೆರೆಸುವುದಿಲ್ಲ. ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಆ ಕಾರು ಮಾರಾಟವಾಯಿತು. ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ತನ್ನ ಪೆಟ್ರೋಲನ್ನೇ ನೋವಾ ಹೆಸರಲ್ಲಿ ಮಾರಿತ್ತು. ಅಕ್ಷರ, ಒತ್ತು, ಸಂದರ್ಭ ಮೂರೂ ಕೂಡಿಬಂದರೆ ಸಾಲನ್ನು ಬಿಟ್ಟುಬಿಡಿ. ಒಂದು ಮಾತ್ರ ಹೊಂದಿದರೆ ಪರಿಶೀಲಕರ ಮಾತನ್ನು ಟಿಪ್ಪಣಿಯಲ್ಲಿ ಬರೆದು, ತೀರ್ಮಾನವನ್ನು ಕಂಪನಿಗೆ ಬಿಡಿ.

ಆ ಟಿಪ್ಪಣಿಯಲ್ಲಿ ಪ್ರತಿ ಸಾಲಿಗೂ ಅಕ್ಷರಶಃ ಅರ್ಥ, ಕೇಳಿದವರಿಗೆ ಆಗುವ ಭಾವನೆ ಎರಡನ್ನೂ ಬೇರೆ ಬೇರೆ ಬರೆಯಿರಿ. ನಮ್ಮ ಜ್ಯೂಸಿಗಾದರೆ ಹೀಗೆ: ‘ಅಕ್ಷರಶಃ: ನಿನ್ನ ನಡಿಗೆಗೆ. ಭಾವನೆ: ಎಲ್ಲಿಗೆ ಹೋದರೂ ಜೊತೆಗಿದೆ, ಗಡಿಬಿಡಿ ಇಲ್ಲ. ಕಳೆದುಕೊಂಡದ್ದು: ಮೂಲದ ಚುರುಕು. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾಗಳಿಗೆ ಒಂದೇ ರೂಪ. ಕೊಲಂಬಿಯಾದಲ್ಲಿ ತು ಬೇಕೋ ಉಸ್ತೆದ್ ಬೇಕೋ ಎಂದು ಕಂಪನಿ ಹೇಳಬೇಕು.’