ಕೆಂಪು ಮಾಂಸ, ಸಂಸ್ಕರಿಸಿದ ಮಾಂಸ: ‘ಬಹುಶಃ ಕ್ಯಾನ್ಸರ್ ತರುತ್ತದೆ’ ಅಂದರೆ ಏನರ್ಥ?

ಕುರಿ, ಆಡು, ಹಂದಿ, ದನ ಇವುಗಳ ಮಾಂಸಕ್ಕೆ ‘ಕೆಂಪು ಮಾಂಸ’ ಅನ್ನುತ್ತಾರೆ. ಅಂಗಡಿಯಲ್ಲಿ ಕೊಚ್ಚಿಸಿ ತಂದ ಖೀಮಾ, ಫ್ರೀಜರ್‌ನಲ್ಲಿಟ್ಟ ಮಟನ್ ಕೂಡ ಇದೇ ಲೆಕ್ಕಕ್ಕೆ. ಕೋಳಿ, ಮೀನು ಇದರಲ್ಲಿ ಬರುವುದಿಲ್ಲ.

‘ಸಂಸ್ಕರಿಸಿದ ಮಾಂಸ’ ಅಂದಾಗ ಯಾವ ಪ್ರಾಣಿ ಅನ್ನುವುದಕ್ಕಿಂತ ಮಾಂಸಕ್ಕೆ ಏನು ಮಾಡಿದರು ಅನ್ನುವುದು ಮುಖ್ಯ. ಕೆಡದಿರಲಿ, ರುಚಿ ಬರಲಿ ಎಂದು ಉಪ್ಪಿನಲ್ಲಿ ಹಾಕಿಟ್ಟಿದ್ದು, ಹೊಗೆ ಹಿಡಿಸಿದ್ದು, ಹುದುಗು ಬರಿಸಿದ್ದು ಎಲ್ಲ ಇದೇ. ಬೇಕನ್, ಹ್ಯಾಮ್, ಸಲಾಮಿ ಗೊತ್ತೇ ಇದೆ. ಕೋಳಿ ಕೆಂಪು ಮಾಂಸ ಅಲ್ಲ, ಆದರೆ ಚಿಕನ್ ಸಾಸೇಜ್ ಸಂಸ್ಕರಿಸಿದ ಮಾಂಸ! ಉಪ್ಪು ಹಚ್ಚಿ ಒಲೆಯ ಹೊಗೆಗೆ ಕಟ್ಟಿದ ಒಣಬಾಡೂ ಈ ಅರ್ಥದೊಳಗೇ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. 2015ರ ಅಕ್ಟೋಬರ್‌ನಲ್ಲಿ ಅಲ್ಲಿ 22 ತಜ್ಞರು ಸೇರಿ ಇವೆರಡನ್ನೂ ಬೇರೆ ಬೇರೆ ಗುಂಪಿಗೆ ಹಾಕಿದರು. ಸಂಸ್ಕರಿಸಿದ ಮಾಂಸ ಗುಂಪು 1, ಅಂದರೆ ‘ಕ್ಯಾನ್ಸರ್ ತರುತ್ತದೆ’. ಕೆಂಪು ಮಾಂಸ ಗುಂಪು 2ಎ, ಅಂದರೆ ‘ಬಹುಶಃ ತರುತ್ತದೆ’.

ಗುಂಪು 1ರಲ್ಲಿ ತಂಬಾಕೂ ಇದೆ. ಹಾಗಾಗಿ ‘ಸಾಸೇಜ್ ತಿಂದರೂ ಒಂದೇ, ಬೀಡಿ ಸೇದಿದರೂ ಒಂದೇ’ ಎಂದು ಸುದ್ದಿ ಹಬ್ಬಿತು. ಅದು ತಪ್ಪು. ಗುಂಪಿನ ಅಂಕಿ ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಅನ್ನುವುದು ಬೇರೆ ಲೆಕ್ಕ. ತಂಬಾಕು, ಸಾಸೇಜ್ ಎರಡೂ ಕ್ಯಾನ್ಸರ್ ತರುತ್ತವೆ ಎಂಬುದು ಖಚಿತ, ಆದರೆ ತಂಬಾಕು ತರುವಷ್ಟನ್ನು ಸಾಸೇಜ್ ತರುವುದಿಲ್ಲ. ‘ಬಹುಶಃ’ ಅನ್ನುವುದನ್ನೂ ‘ಸ್ವಲ್ಪವೇ ಅಪಾಯ’ ಎಂದು ಓದಬಾರದು. ಜನರ ಮೇಲಿನ ಅಧ್ಯಯನಗಳಲ್ಲಿ ನಂಟು ಕಾಣುತ್ತದೆ, ಆದರೆ ಬೇರೆ ಕಾರಣಗಳನ್ನು ಪೂರ್ತಿ ತಳ್ಳಿಹಾಕಲು ಆಗಿಲ್ಲ ಅಂತ ಅದರರ್ಥ.

ಹಾಗಾದರೆ ಅಪಾಯ ಎಷ್ಟು? ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಜಾಸ್ತಿ ಎಂದರು. ಇದನ್ನು ನೂರು ಜನರಲ್ಲಿ 18 ಮಂದಿಗೆ ಕ್ಯಾನ್ಸರ್ ಬರುತ್ತದೆ ಅಂತ ಓದಿದವರನ್ನು ನೋಡಿದ್ದೇನೆ, ಹಾಗೆ ಹೆದರಿ ಕೂತವರನ್ನೂ. ಒಂದು ಊರಲ್ಲಿ ಸಾವಿರ ಜನರಲ್ಲಿ 50 ಮಂದಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ ಅಂತಿಟ್ಟುಕೊಳ್ಳಿ. ಆ ಸಾವಿರ ಜನರೂ ದಿನಾ 50 ಗ್ರಾಂ ತಿಂದರೆ 50 ಇದ್ದದ್ದು 59 ಆಗುತ್ತದೆ. ಒಂಬತ್ತು ಮನೆಯ ನೋವು ಸಣ್ಣದಲ್ಲ, ಆದರೆ 180 ಅಲ್ಲ ಅಲ್ವಾ? ಈ ಲೆಕ್ಕ ದಿನಾ ತಿನ್ನುವವರದ್ದು. ಹಬ್ಬಕ್ಕೊಮ್ಮೆ ತಿನ್ನುವವರು ಇದನ್ನು ಹಾಗೇ ತಮಗೆ ಹಚ್ಚಿಕೊಳ್ಳಬೇಕಿಲ್ಲ.

ಪ್ಯಾಕೆಟ್ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರ ನೋಡಿ. INS 250 ಅಂತಿದ್ದರೆ ಅದು ಮಾಂಸ ಕೆಡದಿರಲಿ ಎಂದು ಹಾಕುವ ಸೋಡಿಯಂ ನೈಟ್ರೈಟ್. ಹೊಟ್ಟೆಯೊಳಗೆ ಇದರಿಂದ ಕರುಳಿಗೆ ಹಾನಿ ಮಾಡುವ ಸಂಯುಕ್ತಗಳು ಹುಟ್ಟಬಲ್ಲವು. ಮುಂಬದಿಯಲ್ಲಿ ಎಷ್ಟೇ ದೊಡ್ಡದಾಗಿ ‘ಚಿಕನ್’ ಎಂದು ಬರೆದಿದ್ದರೂ ಅದು ಸಂಸ್ಕರಿಸಿದ ಮಾಂಸವೇ.